ಮೈಕ್ರೋಕಂಟ್ರೋಲರಿನ ಓದು-ರಕ್ಷಣೆ ಮತ್ತು ಸುರಕ್ಷಿತ ಬೂಟ್

ಓದು-ರಕ್ಷಣೆ ಎಂಬುದು ಮೈಕ್ರೋಕಂಟ್ರೋಲರಿನ ಫ್ಲಾಶ್ ಸ್ಮೃತಿಯಲ್ಲಿರುವ ಫರ್ಮ್‌ವೇರನ್ನು ಹೊರಗಿನವರು ಓದಿ ನಕಲು ಮಾಡದಂತೆ ತಡೆಯಲು ಚಿಪ್ಪಿನೊಳಗೇ ಅಳವಡಿಸಿರುವ ವ್ಯವಸ್ಥೆ. ಸುರಕ್ಷಿತ ಬೂಟ್ ಎಂಬುದು ಚಿಪ್ಪು ಚಾಲನೆಗೊಂಡಾಗ ತಯಾರಕರ ಸಹಿಯಿರುವ ಫರ್ಮ್‌ವೇರ್ ಮಾತ್ರ ನಡೆಯುವಂತೆ ನೋಡಿಕೊಳ್ಳುವ ಕ್ರಮ. ಇವೆರಡನ್ನೂ ಒಂದೇ ಎಂದು ತಿಳಿಯುವುದುಂಟು. ಆದರೆ ಮೊದಲನೆಯದು 'ಯಾರು ಓದಬಹುದು' ಎಂಬುದನ್ನೂ ಎರಡನೆಯದು 'ಯಾವುದು ನಡೆಯಬಹುದು' ಎಂಬುದನ್ನೂ ನಿರ್ಧರಿಸುತ್ತದೆ. ಎಸ್‌ಟಿಮೈಕ್ರೋಎಲೆಕ್ಟ್ರಾನಿಕ್ಸ್ ಸಂಸ್ಥೆಯ ಎಸ್‌ಟಿಎಂ32 ಚಿಪ್ಪುಗಳು, ಅದರಲ್ಲಿಯೂ ಎಫ್4 ಸರಣಿಯವು, ಇದಕ್ಕೆ ಒಳ್ಳೆಯ ಉದಾಹರಣೆ.

== ಮೂರು ಹಂತಗಳು ==

ಎಫ್4 ಸರಣಿಯಲ್ಲಿ ಓದು-ರಕ್ಷಣೆಯನ್ನು ನಿರ್ಧರಿಸುವುದು 'ಆಪ್ಷನ್ ಬೈಟ್' ಎಂಬ ವಿಶೇಷ ಸ್ಮೃತಿಭಾಗದಲ್ಲಿರುವ ಒಂದೇ ಒಂದು ಬೈಟು. ಅದರ ಹೆಸರು `RDP`. ಅದರಲ್ಲಿ `0xAA` ಇದ್ದರೆ ಚಿಪ್ಪು ಲೆವೆಲ್ 0ರಲ್ಲಿದೆ, ಅಂದರೆ ರಕ್ಷಣೆಯೇ ಇಲ್ಲ. `0xCC` ಇದ್ದರೆ ಲೆವೆಲ್ 2. ಇವೆರಡನ್ನು ಬಿಟ್ಟು ಬೇರೆ ಯಾವ ಸಂಖ್ಯೆ ಇದ್ದರೂ ಲೆವೆಲ್ 1. ಈ ಕೊನೆಯ ನಿಯಮ ಸಣ್ಣದಾಗಿ ಕಂಡರೂ ಮುಂದೆ ಹೇಳುವ ದೌರ್ಬಲ್ಯಕ್ಕೆ ಅದೇ ಮೂಲ.

ಲೆವೆಲ್ 1ರಲ್ಲಿ ಚಿಪ್ಪು ತನ್ನ ಪಾಡಿಗೆ ಫ್ಲಾಶ್‌ನಿಂದ ಚಾಲನೆಗೊಂಡರೆ ಎಲ್ಲವೂ ಎಂದಿನಂತೆ ನಡೆಯುತ್ತದೆ. ಡಿಬಗರನ್ನು ಜೋಡಿಸಿದರೆ, ಅಥವಾ ರ‍್ಯಾಮ್‌ನಿಂದಲೋ ಚಿಪ್ಪಿನ ಅಂತರ್ಗತ ಬೂಟ್‌ಲೋಡರಿನಿಂದಲೋ ಚಾಲನೆ ಮಾಡಿದರೆ, ಫ್ಲಾಶ್ ಸ್ಮೃತಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ರ‍್ಯಾಮ್ ಮಾತ್ರ ಡಿಬಗರಿಗೆ ತೆರೆದೇ ಇರುತ್ತದೆ. ಲೆವೆಲ್ 1ರಿಂದ ಲೆವೆಲ್ 0ಕ್ಕೆ ಮರಳಬಹುದು, ಆದರೆ ಮರಳುವ ಮುನ್ನ ಚಿಪ್ಪು ಫ್ಲಾಶ್ ಸ್ಮೃತಿಯನ್ನು ಪೂರ್ತಿಯಾಗಿ ಅಳಿಸಿಹಾಕುತ್ತದೆ. ಬೀಗ ತೆಗೆಯಬಹುದು, ಒಳಗಿನ ವಸ್ತು ಉಳಿಯುವುದಿಲ್ಲ.

ಲೆವೆಲ್ 2ರಲ್ಲಿ ಡಿಬಗ್ ಸಂಪರ್ಕ ಶಾಶ್ವತವಾಗಿ ಕಡಿದುಹೋಗುತ್ತದೆ, ಆಪ್ಷನ್ ಬೈಟುಗಳು ಬದಲಾಗುವುದಿಲ್ಲ. ಇದನ್ನು ಹಿಂತೆಗೆದುಕೊಳ್ಳಲಾಗದು. ಇಂತಹ ಚಿಪ್ಪು ಕೆಟ್ಟರೆ ತಾನೂ ಪರೀಕ್ಷಿಸಲಾರೆನೆಂದು ತಯಾರಕ ಸಂಸ್ಥೆಯೇ ತನ್ನ ಕೈಪಿಡಿಯಲ್ಲಿ ತಿಳಿಸಿದೆ. ಆದ್ದರಿಂದ ಹೊಸ ಫರ್ಮ್‌ವೇರನ್ನು ಸ್ವೀಕರಿಸಬಲ್ಲ ಬೂಟ್‌ಲೋಡರನ್ನು ಒಳಗಿಡದೆ ಲೆವೆಲ್ 2 ಹಾಕಿದರೆ, ಫರ್ಮ್‌ವೇರಿನಲ್ಲಿ ಉಳಿದ ದೋಷವೂ ಚಿಪ್ಪಿನ ಆಯುಷ್ಯದುದ್ದಕ್ಕೂ ಉಳಿಯುತ್ತದೆ.

ಚಿಪ್ಪಿನ ಸದ್ಯದ ಸ್ಥಿತಿಯನ್ನು ನೋಡಲು ಮತ್ತು ಲೆವೆಲ್ 1 ಹಾಕಲು ಸಂಸ್ಥೆಯ ಸಾಧನದಲ್ಲಿ ಈ ಆದೇಶಗಳಿವೆ:

```
STM32_Programmer_CLI -c port=SWD -ob displ
STM32_Programmer_CLI -c port=SWD -ob RDP=0xBB
```

ಎರಡನೆಯ ಆದೇಶ ಕೊಟ್ಟ ಮೇಲೆ ಫರ್ಮ್‌ವೇರ್ ನಡೆಯದೆ ನಿಂತಂತೆ ತೋರಿದರೆ ಗಾಬರಿಪಡಬೇಕಿಲ್ಲ. ಡಿಬಗರ್ ಜೋಡಣೆಯಲ್ಲಿರುವುದರಿಂದ ಫ್ಲಾಶ್ ಮುಚ್ಚಿರುತ್ತದೆ. ಡಿಬಗರನ್ನು ಬೇರ್ಪಡಿಸಿ, ವಿದ್ಯುತ್ತನ್ನು ಪೂರ್ತಿ ಕಡಿದು ಮತ್ತೆ ಕೊಟ್ಟರೆ ಸರಿಹೋಗುತ್ತದೆ. ರೀಸೆಟ್ ಗುಂಡಿಯೊಂದನ್ನೇ ನಂಬಬಾರದು.

== ಓದು-ರಕ್ಷಣೆಯೊಂದೇ ಏಕೆ ಸಾಲದು ==

ಓದು-ರಕ್ಷಣೆ ಹೊರಗಿನಿಂದ ಬರುವ ಕೈಯನ್ನು ತಡೆಯುತ್ತದೆ. ಚಿಪ್ಪಿನೊಳಗೆ ನಡೆಯುತ್ತಿರುವ ಪ್ರೋಗ್ರಾಮು ಫ್ಲಾಶ್ ಸ್ಮೃತಿಯನ್ನು ಓದುವುದನ್ನು ಅದು ತಡೆಯುವುದಿಲ್ಲ, ತಡೆಯಲೂ ಬಾರದು. ಓದದೆ ಪ್ರೋಗ್ರಾಮು ನಡೆಯುವುದೇ ಇಲ್ಲ.

ಎಸ್‌ಟಿಎಂ32ಎಫ್405 ಚಿಪ್ಪಿರುವ ಒಂದು ಪಂಪ್ ನಿಯಂತ್ರಕವನ್ನು ಊಹಿಸಿಕೊಳ್ಳೋಣ. ಇದರ ಫ್ಲಾಶ್ 1 ಮೆಗಾಬೈಟ್, ಆರಂಭದ ವಿಳಾಸ `0x08000000`. ಮೊದಲ ಎರಡು ಸೆಕ್ಟರುಗಳಲ್ಲಿ, ಅಂದರೆ 32 ಕಿಲೋಬೈಟಿನಲ್ಲಿ, ಬೂಟ್‌ಲೋಡರ್ ಇದೆ. ಮುಖ್ಯ ಫರ್ಮ್‌ವೇರ್ `0x08008000`ದಿಂದ ಆರಂಭವಾಗುತ್ತದೆ. ಲೆವೆಲ್ 2 ಹಾಕಿದೆ, ಹೊಸ ಆವೃತ್ತಿಯನ್ನು ಸೀರಿಯಲ್ ತಂತಿಯ ಮೂಲಕ ಬೂಟ್‌ಲೋಡರಿಗೆ ಕಳಿಸುವ ಏರ್ಪಾಡಿದೆ. ಬೂಟ್‌ಲೋಡರ್ ಬಂದದ್ದನ್ನೆಲ್ಲ ಸ್ವೀಕರಿಸುವಂಥದ್ದಾದರೆ, ನಕಲು ಮಾಡುವವನಿಗೆ ಡಿಬಗರೇ ಬೇಕಿಲ್ಲ. ಫ್ಲಾಶ್ ಸ್ಮೃತಿಯನ್ನು ಒಂದೊಂದೇ ಬೈಟಾಗಿ ಓದಿ ಅದೇ ತಂತಿಯಲ್ಲಿ ಹೊರಗೆ ಕಳಿಸುವ ಪುಟ್ಟ ಪ್ರೋಗ್ರಾಮೊಂದನ್ನು 'ಹೊಸ ಆವೃತ್ತಿ'ಯೆಂದು ಕೊಟ್ಟರಾಯಿತು. ಅದು ಆಕ್ರಮಿಸಿದ ಸೆಕ್ಟರನ್ನು ಬಿಟ್ಟು, ಬೂಟ್‌ಲೋಡರೂ ಅಳಿಯದೆ ಉಳಿದ ಹಳೆಯ ಫರ್ಮ್‌ವೇರೂ ಹೊರಬರುತ್ತವೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ.

ಈ ಹಿತ್ತಿಲ ಬಾಗಿಲಿನ ಕಾವಲೇ ಸುರಕ್ಷಿತ ಬೂಟ್. ತಯಾರಕರು ಫರ್ಮ್‌ವೇರಿನ ಎಸ್‌ಎಚ್‌ಎ-256 ಸಾರವನ್ನು ಲೆಕ್ಕಹಾಕಿ, ತಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಅದಕ್ಕೆ ಸಹಿ ಮಾಡುತ್ತಾರೆ. ಅದಕ್ಕೆ ಜೊತೆಯಾದ ಸಾರ್ವಜನಿಕ ಕೀಲಿ ಬೂಟ್‌ಲೋಡರಿನಲ್ಲಿರುತ್ತದೆ. ಪ್ರತಿಸಲ ಚಾಲನೆಯಾದಾಗಲೂ ಬೂಟ್‌ಲೋಡರ್ `0x08008000`ದಿಂದ ಮುಂದಿನ ಫರ್ಮ್‌ವೇರಿನ ಸಾರವನ್ನು ತಾನೇ ಲೆಕ್ಕಹಾಕಿ ಸಹಿಯೊಡನೆ ತಾಳೆ ನೋಡುತ್ತದೆ. ಹೊಂದಿದರೆ ಮಾತ್ರ ಅತ್ತ ಜಿಗಿಯುತ್ತದೆ, ಇಲ್ಲವಾದರೆ ಹೊಸ ಆವೃತ್ತಿಗಾಗಿ ಕಾಯುತ್ತದೆ. ಒಂದು ಬಿಟ್ ಬದಲಾದರೂ ಸಾರ ಬೇರೆಯಾಗುತ್ತದೆ. ಸಾರ್ವಜನಿಕ ಕೀಲಿ ಗುಟ್ಟಾಗಿರಬೇಕಿಲ್ಲ, ಆದರೆ ಅದನ್ನು ಯಾರೂ ಬದಲಿಸುವಂತಿರಬಾರದು. ಅದಕ್ಕಾಗಿಯೇ ಬೂಟ್‌ಲೋಡರ್ ಇರುವ ಸೆಕ್ಟರುಗಳಿಗೆ ಬರೆವಣಿಗೆ-ರಕ್ಷಣೆ ಹಾಕುತ್ತಾರೆ. ಲೆವೆಲ್ 1ರಲ್ಲಿ ಈ ರಕ್ಷಣೆಯನ್ನು ಒಳಗಿನ ಪ್ರೋಗ್ರಾಮು ತೆಗೆದುಹಾಕಬಲ್ಲದು. ಲೆವೆಲ್ 2ರಲ್ಲಿ ಮಾತ್ರ ಅದು ಗಟ್ಟಿಯಾಗಿ ನಿಲ್ಲುತ್ತದೆ.

ಸಹಿಯಿಂದ ಗುಟ್ಟು ಉಳಿಯುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹೊಸ ಆವೃತ್ತಿಯ ಕಡತವನ್ನು ಗೂಢಲಿಪಿಗೆ ಇಳಿಸದೆ ಜಾಲತಾಣದಲ್ಲಿ ಹಾಕಿದರೆ, ಚಿಪ್ಪನ್ನು ಮುಟ್ಟದೆಯೇ ಯಾರಾದರೂ ಅದನ್ನು ಇಳಿಸಿಕೊಂಡು ಬೇರೊಂದು ಖಾಲಿ ಚಿಪ್ಪಿಗೆ ಬರೆಯಬಹುದು. ಆ ಚಿಪ್ಪಿನಲ್ಲಿ ಸಹಿ ನೋಡುವವರೇ ಇರುವುದಿಲ್ಲ. ಹಾಗಾಗಿ ಕಡತವನ್ನು ಎಇಎಸ್ ಮೂಲಕ ಗೂಢಲಿಪಿಗೆ ಇಳಿಸಿ, ಬಿಡಿಸುವ ಕೀಲಿಯನ್ನು ಬೂಟ್‌ಲೋಡರಿನಲ್ಲಿ ಇಡುತ್ತಾರೆ. ಈ ಕೀಲಿ ನಿಜವಾಗಿಯೂ ಗುಟ್ಟಿನದು, ಅದನ್ನು ಕಾಯುವುದು ಮತ್ತೆ ಓದು-ರಕ್ಷಣೆಯೇ. ಎಲ್ಲ ಉಪಕರಣಗಳಿಗೂ ಒಂದೇ ಕೀಲಿ ಇಟ್ಟರೆ, ಒಂದು ಚಿಪ್ಪು ಮುರಿದಾಗ ಎಲ್ಲದರ ಗುಟ್ಟೂ ಬಯಲಾಗುತ್ತದೆ.

== ಮಿತಿಗಳು ==

2017ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಎಐಎಸ್‌ಇಸಿ ಸಂಸ್ಥೆಯ ಯೋಹಾನೆಸ್ ಓಬರ್‌ಮೈಯರ್ ಮತ್ತು ಸ್ಟೆಫಾನ್ ಟಾಟ್‌ಷ್ನರ್ ಅವರು ಎಸ್‌ಟಿಎಂ32ಎಫ್0 ಸರಣಿಯ ರಕ್ಷಣೆಯನ್ನು ಮುರಿದು ತೋರಿಸಿದರು. ಈ ಸರಣಿಯಲ್ಲಿ `RDP` ಬೈಟಿನ ಜೊತೆ ಅದರ ಪೂರಕ ಬೈಟೂ ಇರುತ್ತದೆ. ಆದರೂ 16 ಬಿಟ್ಟುಗಳಲ್ಲಿ ಒಂದೇ ಒಂದು ಬದಲಾದರೂ ಚಿಪ್ಪು ಲೆವೆಲ್ 2ರಿಂದ ಲೆವೆಲ್ 1ಕ್ಕೆ ಜಾರುತ್ತದೆ, ಏಕೆಂದರೆ 'ಬೇರೆ ಯಾವುದಿದ್ದರೂ ಲೆವೆಲ್ 1' ಎಂಬುದೇ ನಿಯಮ. ಅವರು ಚಿಪ್ಪಿನ ಹೊದಿಕೆಯನ್ನು ತೆಗೆದು, ನೇರಳಾತೀತ ಬೆಳಕು ಬೀರಿ ಆ ಬಿಟ್ ಬದಲಾಗುವಂತೆ ಮಾಡಿದರು. ಲೆವೆಲ್ 1ಕ್ಕೆ ಇಳಿದ ಮೇಲೆ ಇನ್ನೊಂದು ದೋಷ ನೆರವಿಗೆ ಬಂತು: ಡಿಬಗರ್ ಜೋಡಿಸಿದ ಮೊದಲ ಗಳಿಗೆಯಲ್ಲಿ, ಬೀಗ ಬೀಳುವ ಮುನ್ನ, ಫ್ಲಾಶ್‌ನಿಂದ ಒಂದು ಪದವನ್ನು ಓದಲು ಸಾಧ್ಯವಿತ್ತು. ವಿದ್ಯುತ್ ಕಡಿದು ಮತ್ತೆ ಕೊಡುತ್ತ, ಒಂದೊಂದೇ ಪದವಾಗಿ ಇಡೀ ಫರ್ಮ್‌ವೇರನ್ನು ಓದಬಹುದಾಗಿತ್ತು.

2018ರ ಡಿಸೆಂಬರಿನಲ್ಲಿ ಟ್ರೆಜರ್ ಒನ್ ಎಂಬ ಕ್ರಿಪ್ಟೋ ಹಣಚೀಲದ ಮೇಲೆ ನಡೆಸಿ ತೋರಿಸಿದ ದಾಳಿ ಬೇರೆ ಬಗೆಯದು. ಅದರಲ್ಲಿದ್ದುದು ಲೆವೆಲ್ 2 ಹಾಕಿದ ಎಸ್‌ಟಿಎಂ32ಎಫ್205. ಚಾಲನೆಯ ಆರಂಭದಲ್ಲಿ ಸರಿಯಾದ ಕ್ಷಣಕ್ಕೆ ವೋಲ್ಟೇಜನ್ನು ಕುಗ್ಗಿಸಿದಾಗ ಚಿಪ್ಪು ತಾನು ಲೆವೆಲ್ 1ರಲ್ಲಿರುವಂತೆ ನಡೆದುಕೊಂಡಿತು. ಲೆವೆಲ್ 1ರಲ್ಲಿ ಫ್ಲಾಶ್ ಮುಚ್ಚಿದ್ದರೂ ರ‍್ಯಾಮ್ ತೆರೆದಿರುತ್ತದಷ್ಟೆ. ಫರ್ಮ್‌ವೇರ್ ನವೀಕರಣದ ವೇಳೆ ಗುಪ್ತ ಬೀಜಪದಗಳು ರ‍್ಯಾಮ್‌ಗೆ ನಕಲಾಗುತ್ತಿದ್ದುದರಿಂದ ಅವು ಅಲ್ಲಿಯೇ ಸಿಕ್ಕವು. ಸಹಿ ತಾಳೆನೋಡುವ ಹೆಜ್ಜೆಯನ್ನೂ ಇದೇ ಉಪಾಯದಿಂದ ಹಾರಿಸಬಹುದಾದ ಕಾರಣ, ಎಚ್ಚರಿಕೆಯಿಂದ ಬರೆದ ಬೂಟ್‌ಲೋಡರುಗಳು ಫಲಿತಾಂಶವನ್ನು ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷಿಸುತ್ತವೆ, ಬಳಸಿದ ಕೀಲಿಗಳನ್ನು ರ‍್ಯಾಮ್‌ನಿಂದ ಕೂಡಲೇ ಅಳಿಸುತ್ತವೆ.

== ಕಾರ್ಖಾನೆಯಲ್ಲಿನ ಅನುಕ್ರಮ ==

ಮೊದಲು ಬೂಟ್‌ಲೋಡರ್, ಬಳಿಕ ಸಹಿಯುಳ್ಳ ಫರ್ಮ್‌ವೇರ್ ಬರೆಯಲಾಗುತ್ತದೆ. ಆಮೇಲೆ ಸಹಿಯಿಲ್ಲದ ಕಡತವೊಂದನ್ನು ಬೇಕೆಂದೇ ಕೊಟ್ಟು ಬೂಟ್‌ಲೋಡರ್ ಅದನ್ನು ತಿರಸ್ಕರಿಸುವುದನ್ನೂ, ಸರಿಯಾದ ಹೊಸ ಆವೃತ್ತಿಯನ್ನು ಸ್ವೀಕರಿಸುವುದನ್ನೂ ಲೆವೆಲ್ 1ರಲ್ಲಿಯೇ ಪರೀಕ್ಷಿಸಬೇಕು. ತಪ್ಪಾದರೆ ಅಳಿಸಿ ಮತ್ತೆ ಆರಂಭಿಸಲು ಅಲ್ಲಿ ಮಾತ್ರ ಅವಕಾಶವಿದೆ. ಬರೆವಣಿಗೆ-ರಕ್ಷಣೆ ಹಾಕಿದ ಬಳಿಕ, ಎಲ್ಲಕ್ಕೂ ಕೊನೆಯಲ್ಲಿ, `RDP` ಬೈಟಿಗೆ `0xCC` ಬರೆಯಲಾಗುತ್ತದೆ.