ಪೆಡಲಿಗೆ ಸೇರಿದ್ದೆಷ್ಟು, ದೇಹ ಸುಟ್ಟಿದ್ದೆಷ್ಟು?

ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆಗೆ ಎರಡು ಗಂಟೆ ಸೈಕಲ್ ತುಳಿದವರೊಬ್ಬರ ಪವರ್ ಮೀಟರ್ ಸರಾಸರಿ 150 ವ್ಯಾಟ್ ತೋರಿಸಿತು ಎಂದುಕೊಳ್ಳೋಣ. ಅವರು ಸುಟ್ಟ ಕ್ಯಾಲೊರಿ ಎಷ್ಟು?

ಪವರ್ ಮೀಟರ್ ಇರುವುದು ಕ್ರ್ಯಾಂಕ್, ಪೆಡಲ್ ಅಥವಾ ಹಿಂಚಕ್ರದ ಹಬ್‌ನಲ್ಲಿ. ತುಳಿತಕ್ಕೆ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನೂ ತಿರುಗುವ ವೇಗವನ್ನೂ ಸೇರಿಸಿ ಅದು ವ್ಯಾಟ್ ಲೆಕ್ಕ ಹಾಕುತ್ತದೆ. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. 150 ವ್ಯಾಟ್‌ನಂತೆ 7,200 ಸೆಕೆಂಡು ತುಳಿದರೆ 1,080 ಕಿಲೋಜೂಲ್ ಕೆಲಸ. ಒಂದು ಆಹಾರದ ಕ್ಯಾಲೊರಿಗೆ 4.184 ಕಿಲೋಜೂಲ್, ಭಾಗಿಸಿದರೆ ಬರುವುದು ಬರೀ 258.

ಇದು ಸೈಕಲ್ಲಿಗೆ ಸಿಕ್ಕ ಪಾಲು ಮಾತ್ರ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚಿನದು ಶಾಖವಾಗಿ ಹೋಗುತ್ತದೆ, ಬೆವರು ಹರಿಯುವುದೂ ಅದಕ್ಕೇ. ಹದವಾಗಿ ತುಳಿಯುವಾಗ ಪೆಡಲಿಗೆ ತಲುಪುವುದು ಸಾಮಾನ್ಯವಾಗಿ ಶೇ. 20ರಿಂದ 25. ಇದನ್ನು ಪ್ರಯೋಗಾಲಯದಲ್ಲಿ ಉಸಿರಿನಿಂದ ಅಳೆಯುತ್ತಾರೆ: ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 21 ಕಿಲೋಜೂಲ್ ಖರ್ಚಾಗಿರುತ್ತದೆ. 200 ವ್ಯಾಟ್‌ನಲ್ಲಿ ನಿಮಿಷಕ್ಕೆ ಆಗುವ ಕೆಲಸ 12 ಕಿಲೋಜೂಲ್. ಅದಕ್ಕೆ 2.6 ಲೀಟರ್ ಬೇಕಾದರೆ ದಕ್ಷತೆ ಶೇ. 22ರ ಆಸುಪಾಸು.

ನಮ್ಮ ಸವಾರರ ದಕ್ಷತೆ ಶೇ. 24 ಆಗಿದ್ದರೆ ಖರ್ಚು 1,075 ಕ್ಯಾಲೊರಿ. ಕಿಲೋಜೂಲ್ ಸಂಖ್ಯೆಯೂ ಹೆಚ್ಚುಕಡಿಮೆ ಅದೇ! ಮನುಷ್ಯನ ದಕ್ಷತೆ ನಾಲ್ಕರಲ್ಲೊಂದು, ಕ್ಯಾಲೊರಿಗೆ ನಾಲ್ಕು ಚಿಲ್ಲರೆ ಕಿಲೋಜೂಲ್. ಎರಡೂ ಒಂದನ್ನೊಂದು ಕಳೆದುಬಿಡುತ್ತವೆ. ಸೈಕಲ್ ಕಂಪ್ಯೂಟರಿನ ಕಿಲೋಜೂಲನ್ನೇ ಕ್ಯಾಲೊರಿ ಎಂದು ಓದುವ ರೂಢಿ ಇಲ್ಲಿಂದ ಬಂತು. ಆದರೆ ದಕ್ಷತೆ ಶೇ. 20 ಆದರೆ ಖರ್ಚು 1,290. ಅಂದರೆ ಈ ರೂಢಿ ಬಹುಮಂದಿಗೆ ಖರ್ಚನ್ನು ತುಸು ಕಡಿಮೆಯೇ ತೋರಿಸುತ್ತದೆ. ನಿಧಾನ ಸವಾರಿಯಲ್ಲಿ ಅಂತರ ಇನ್ನೂ ಹಿಗ್ಗುತ್ತದೆ, ಏಕೆಂದರೆ ಸುಮ್ಮನೆ ಕುಳಿತಾಗಲೂ ಉಸಿರಾಟ, ಹೃದಯಬಡಿತಕ್ಕೆ ಬೇಕಾದ ಶಕ್ತಿ ಆಗ ಒಟ್ಟು ಖರ್ಚಿನ ದೊಡ್ಡ ಪಾಲಾಗುತ್ತದೆ.

ಇಷ್ಟಾದರೂ ಹೃದಯಬಡಿತದ ಅಂದಾಜಿಗಿಂತ ಇದು ಹೆಚ್ಚು ನಂಬಿಕಸ್ತ. ಬಿಸಿಲು, ಕಾಫಿ, ನಿದ್ದೆಗೇಡು, ಯಾವುದು ಬೇಕಾದರೂ ಬಡಿತ ಏರಿಸಬಲ್ಲದು. ಪೆಡಲಿನ ಮೇಲಿನ ಬಲಕ್ಕೆ ಅವುಗಳ ಗೊಡವೆಯಿಲ್ಲ.

ಎಡವಟ್ಟಾಗುವುದು ಬೇರೆ ಕಡೆ. ಬೆಟ್ಟ ಇಳಿಯುವಾಗ ತುಳಿಯದ ಸೊನ್ನೆ ವ್ಯಾಟ್‌ಗಳನ್ನು ಸರಾಸರಿಯಿಂದ ಬಿಟ್ಟು, ಪೂರ್ತಿ ಸಮಯದಿಂದ ಗುಣಿಸಿದರೆ ಕೆಲಸ ಇಲ್ಲದ್ದು ಲೆಕ್ಕಕ್ಕೆ ಸೇರುತ್ತದೆ. ಏರಿಳಿತಕ್ಕೆ ಹೆಚ್ಚು ತೂಕ ಕೊಡುವ ‘ನಾರ್ಮಲೈಸ್ಡ್ ಪವರ್’ ಬಳಸಿದರೂ ಹಾಗೇ. ಎಡ ಕಾಲನ್ನಷ್ಟೇ ಅಳೆದು ಇಮ್ಮಡಿ ಮಾಡುವ ಮೀಟರುಗಳಲ್ಲಿ, ಎಡ ಕಾಲು ಶೇ. 52 ಹೊತ್ತರೆ 150 ಇದ್ದಲ್ಲಿ 156 ಕಾಣುತ್ತದೆ. ಚಳಿ ಬೆಳಗಿನಲ್ಲಿ ಹೊರಟು ಬಿಸಿಲೇರಿದ ಮೇಲೆ ಲೋಹದ ಓದು ಸರಿಯಬಹುದು. ಆಗ ಸೈಕಲ್ ನಿಲ್ಲಿಸಿ, ಪೆಡಲಿನ ಮೇಲೆ ಕಾಲಿಡದೆ ಮೀಟರನ್ನು ಸೊನ್ನೆಗೆ ಹೊಂದಿಸಿಕೊಳ್ಳಬೇಕು.