ಒಂದೇ ಲಾಭ, ಮೂರು ಲೆಕ್ಕ

ದಾವಣಗೆರೆಯಲ್ಲಿ ಇಬ್ಬರು ಪಾಲುದಾರರ ಹಾರ್ಡ್‌ವೇರ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಹಿರಿಯರ ಬಂಡವಾಳ 8,00,000 ರೂಪಾಯಿ, ಕಿರಿಯರದು 4,00,000. ಹಿರಿಯರು ಹಣ ಹಾಕಿ ಸುಮ್ಮನಿದ್ದಾರೆ. ಗಲ್ಲಾದಲ್ಲಿ ಕೂರುವುದು ಕಿರಿಯರು. ವರ್ಷದ ಕೊನೆಗೆ ತೆರಿಗೆ ಕಳೆದು ಉಳಿದ ಲಾಭ 5,28,000. ಪಾಲುಪತ್ರದಲ್ಲಿ ಹಂಚಿಕೆಯ ಮಾತೇ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಅನ್ವಯಿಸುತ್ತದೆ: ದುಡಿಮೆಗೆ ಸಂಬಳವಿಲ್ಲ, ಬಂಡವಾಳಕ್ಕೆ ಬಡ್ಡಿಯಿಲ್ಲ, ಲಾಭ ಸಮಪಾಲು. ತಲಾ 2,64,000.

ಈಗ ಪತ್ರದಲ್ಲಿ ಮೂರು ಷರತ್ತು ಇವೆ ಎನ್ನೋಣ. ಬಂಡವಾಳಕ್ಕೆ ಶೇ. 10 ಬಡ್ಡಿ, ಕಿರಿಯರಿಗೆ ತಿಂಗಳಿಗೆ 15,000 ಸಂಬಳ, ಸ್ವಂತ ಖರ್ಚಿಗೆ ಅಂಗಡಿಯಿಂದ ತೆಗೆದ ಹಣಕ್ಕೆ, ಅಂದರೆ ಡ್ರಾಯಿಂಗ್ಸ್‌ಗೆ, ಶೇ. 10 ಬಡ್ಡಿ. ಮೊದಲೆರಡು ಪಾಲುದಾರರಿಗೆ ಸಲ್ಲುವ ಹಣ. ಮೂರನೆಯದು ಅವರು ಅಂಗಡಿಗೆ ಕೊಡಬೇಕಾದದ್ದು. ಬಡ್ಡಿ ಒಟ್ಟು 1,20,000, ಸಂಬಳ 1,80,000.

ಡ್ರಾಯಿಂಗ್ಸ್ ಮೇಲಿನ ಬಡ್ಡಿಯಲ್ಲಿ ಮೊತ್ತದಷ್ಟೇ ತಾರೀಖೂ ಮುಖ್ಯ. ಇಬ್ಬರೂ ತಿಂಗಳಿಗೆ 10,000ದಂತೆ ವರ್ಷಕ್ಕೆ 1,20,000 ತೆಗೆದಿದ್ದಾರೆ. ಹಿರಿಯರು ಪ್ರತಿ ತಿಂಗಳ ಮೊದಲ ದಿನ ತೆಗೆದರು: ಮೊದಲ ಕಂತಿಗೆ 12 ತಿಂಗಳ ಬಡ್ಡಿ, ಕೊನೆಯದಕ್ಕೆ 1 ತಿಂಗಳದ್ದು, ಸರಾಸರಿ ಆರೂವರೆ ತಿಂಗಳು. ಬಡ್ಡಿ 6,500. ಕಿರಿಯರು ತಿಂಗಳ ಕೊನೆಯ ದಿನ ತೆಗೆದರು: ಸರಾಸರಿ ಐದೂವರೆ ತಿಂಗಳು, ಬಡ್ಡಿ 5,500. ಇದೇ ಹಣವನ್ನು ಏಪ್ರಿಲ್ 1ರಂದು ಒಟ್ಟಿಗೆ ತೆಗೆದಿದ್ದರೆ ಬಡ್ಡಿ 12,000 ಆಗುತ್ತಿತ್ತು. ತಾರೀಖು ಬರೆದಿಡದ ಪುಸ್ತಕದಲ್ಲಿ ಎಲ್ಲರಿಗೂ ಆರು ತಿಂಗಳು ಹಿಡಿದು 6,000 ಹಾಕುವುದು ರೂಢಿ. ಅದರಲ್ಲಿ ತಡವಾಗಿ ತೆಗೆದವರು 500 ಹೆಚ್ಚು ಕೊಡುತ್ತಾರೆ, ಬೇಗ ತೆಗೆದವರು 500 ಉಳಿಸಿಕೊಳ್ಳುತ್ತಾರೆ.

ಹಂಚಿಕೆ ಖಾತೆಯಲ್ಲಿ 5,28,000 ಲಾಭಕ್ಕೆ 12,000 ಡ್ರಾಯಿಂಗ್ಸ್ ಬಡ್ಡಿ ಸೇರಿ 5,40,000. ಅದರಲ್ಲಿ 3,00,000 ಬಡ್ಡಿ ಮತ್ತು ಸಂಬಳ ಕಳೆದರೆ 2,40,000 ಉಳಿಯುತ್ತದೆ. ಸಮಪಾಲಿನಲ್ಲಿ ತಲಾ 1,20,000. ಹಿರಿಯರ ಒಟ್ಟು ಗಳಿಕೆ 1,93,500, ಕಿರಿಯರದು 3,34,500. ಷರತ್ತಿಲ್ಲದ ಸಮಪಾಲಿಗೆ ಹೋಲಿಸಿದರೆ 70,500 ರೂಪಾಯಿ ಹಿರಿಯರ ಕೈಯಿಂದ ಕಿರಿಯರ ಕೈಗೆ ಹೋಗಿದೆ. ದುಡಿಮೆಗೆ ಬೆಲೆ ಕಟ್ಟಿದ ಪರಿಣಾಮವಿದು. ಬಂಡವಾಳದ ಬಡ್ಡಿ ಅದನ್ನು ತುಸು ತಗ್ಗಿಸಿದೆ ಅಷ್ಟೆ.

ಲಾಭ ಚೆನ್ನಾಗಿದ್ದ ವರ್ಷ ಜಗಳ ಹುಟ್ಟುವುದು ಕಡಿಮೆ. ಮರುವರ್ಷ ಲಾಭ 2,28,000ಕ್ಕೆ, ಅಂದರೆ ಶೇ. 56.8ರಷ್ಟು ಇಳಿಯಿತು ಎನ್ನಿ; ಬಂಡವಾಳ, ಡ್ರಾಯಿಂಗ್ಸ್ ಬದಲಾಗಿಲ್ಲ. ಕೈಯಲ್ಲಿರುವುದು 2,40,000, ಕೊಡಬೇಕಾದದ್ದು 3,00,000. ಕೊರತೆ 60,000. ಪತ್ರ ಬೇರೇನೂ ಹೇಳದಿದ್ದರೆ ಬಡ್ಡಿ, ಸಂಬಳ ಎರಡನ್ನೂ ಲಾಭ ಇರುವಷ್ಟಕ್ಕೆ ಮಾತ್ರ ಕೊಡುವುದು ಕ್ರಮ. ಆಗ ಪ್ರತಿ ಬಾಬ್ತಿಗೂ ಶೇ. 80 ಸಿಗುತ್ತದೆ: ಹಿರಿಯರಿಗೆ 64,000, ಕಿರಿಯರಿಗೆ 32,000 ಬಡ್ಡಿ ಮತ್ತು 1,44,000 ಸಂಬಳ. ಡ್ರಾಯಿಂಗ್ಸ್ ಬಡ್ಡಿ ಕಳೆದರೆ 57,500 ಮತ್ತು 1,70,500. ಹಿರಿಯರ ಗಳಿಕೆ ಶೇ. 70.3 ಕುಸಿದಿದೆ, ಕಿರಿಯರದು ಶೇ. 49.

ಲಾಭವಿರಲಿ, ನಷ್ಟವಿರಲಿ ಬಡ್ಡಿ ಮತ್ತು ಸಂಬಳ ಪೂರ್ತಿ ಸಲ್ಲಬೇಕು ಎಂದು ಪತ್ರದಲ್ಲಿದ್ದರೆ ಅವು ಅಂಗಡಿ ಬಾಡಿಗೆಯಂತೆ ಖರ್ಚಿನ ಬಾಬ್ತಾಗುತ್ತವೆ. ಆಗ 60,000 ಕೊರತೆ ನಷ್ಟವೆಂದು ತೋರಿ ತಲಾ 30,000 ಬೀಳುತ್ತದೆ. ಹಿರಿಯರಿಗೆ 43,500, ಕಿರಿಯರಿಗೆ 1,84,500. ಹಿಂದಿನ ಲೆಕ್ಕಕ್ಕೂ ಇದಕ್ಕೂ 14,000 ವ್ಯತ್ಯಾಸ. ಬಡ್ಡಿ ಖಾತ್ರಿಯಾದರೆ ತಮಗೇ ಲಾಭ ಎಂದು ಹಣ ಹಾಕಿದವರು ಭಾವಿಸುವುದುಂಟು. ಇಲ್ಲಿ ಆ ಸಾಲಿನಿಂದ ಹಣ ಕಳೆದುಕೊಂಡವರು ಹಿರಿಯರೇ. ಖಾತ್ರಿ ಸಿಕ್ಕ 3,00,000ದಲ್ಲಿ ಅವರ ಪಾಲು 80,000 ಮಾತ್ರ, ನಷ್ಟದಲ್ಲಿ ಅರ್ಧ.

ಪತ್ರದಲ್ಲಿ ಬರೆದ ದರವನ್ನೆಲ್ಲ ತೆರಿಗೆ ಇಲಾಖೆ ಒಪ್ಪುವುದಿಲ್ಲ. ಬಂಡವಾಳದ ಬಡ್ಡಿ ವರ್ಷಕ್ಕೆ ಶೇ. 12 ಸರಳ ಬಡ್ಡಿಯವರೆಗೆ ಮಾತ್ರ ಸಂಸ್ಥೆಯ ಖರ್ಚು ಎನಿಸುತ್ತದೆ. 2002ರ ಮೇ ಕೊನೆಯವರೆಗೆ ಈ ಮಿತಿ ಶೇ. 18 ಇತ್ತು. ಸಂಬಳಕ್ಕೂ ಬೇರೆ ಮಿತಿಯಿದೆ, ಅದೂ ದುಡಿಯುವ ಪಾಲುದಾರರಿಗೆ ಮಾತ್ರ. 2025ರ ಏಪ್ರಿಲ್ 1ರಿಂದ ಒಬ್ಬ ಪಾಲುದಾರರ ಬಡ್ಡಿ ಮತ್ತು ಸಂಬಳ ಸೇರಿ ವರ್ಷಕ್ಕೆ 20,000 ದಾಟಿದರೆ ಶೇ. 10 ಟಿಡಿಎಸ್ ಮುರಿಯಬೇಕು. ಮೊದಲ ವರ್ಷದ ಲೆಕ್ಕದಲ್ಲಿ ಕಿರಿಯರ 2,20,000ಕ್ಕೆ 22,000, ಹಿರಿಯರ 80,000ಕ್ಕೆ 8,000. ತಲಾ 1,20,000 ಲಾಭದ ಪಾಲಿಗೆ ಮುರಿತವಿಲ್ಲ. ಹಣ ಕೈಗೆ ಕೊಡದೆ ಖಾತೆಗೆ ಜಮಾ ಮಾಡಿದರೂ ಮುರಿತ ತಪ್ಪುವುದಿಲ್ಲ.