ಸಕ್ಕರೆಯ ಜಾಡು ಹಿಡಿದು

ಕುತ್ತಿಗೆಯ ಗಂಟು ಲಿಂಫೋಮಾ ಎಂದು ತಿಳಿದ ಬೆನ್ನಿಗೇ ಸ್ಕ್ಯಾನಿನ ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಪೆಟ್-ಸಿಟಿ ಎಂದಿದ್ದರೆ ಖರ್ಚು ಕೇಳಿಯೇ ಮನೆಯವರು ಕಂಗಾಲಾಗುತ್ತಾರೆ. ‘ಹೋದ ತಿಂಗಳು ಸಿಟಿ ಆಗಿದೆಯಲ್ಲ, ಅದೇ ಸಾಲದೇ? ಎಂಆರ್‌ಐ ಇನ್ನೂ ಸ್ಪಷ್ಟವಂತೆ, ಅದನ್ನೇ ಮಾಡಿಸಬಾರದೇ?’ ಎಂದು ಕೇಳುತ್ತಾರೆ. ಉತ್ತರವನ್ನು ಹುಡುಕಬೇಕಾದದ್ದು ಬಯಾಪ್ಸಿ ವರದಿಯಲ್ಲಿ. ಲಿಂಫೋಮಾದಲ್ಲಿ ಹತ್ತಾರು ಬಗೆಗಳಿವೆ. ಯಾವ ಬಗೆ ಎಂದು ಗೊತ್ತಾದರೆ ಯಾವ ಸ್ಕ್ಯಾನ್ ಎಂಬುದೂ ಹೆಚ್ಚುಕಡಿಮೆ ಗೊತ್ತಾದಂತೆ.

ಒಂದು ಉದಾಹರಣೆ ನೋಡೋಣ. ಇಪ್ಪತ್ತೆಂಟರ ಯುವಕನಿಗೆ ಎರಡು ತಿಂಗಳಿಂದ ಕುತ್ತಿಗೆಯಲ್ಲಿ ನೋವಿಲ್ಲದ ಗಂಟು. ಒಂದು ಗಂಟನ್ನು ಇಡಿಯಾಗಿ ತೆಗೆದು ಪರೀಕ್ಷಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ ಎಂದು ಬಂತು. ಸಿಟಿ ಸ್ಕ್ಯಾನಿನಲ್ಲಿ ಕುತ್ತಿಗೆ ಮತ್ತು ಎದೆಯ ನಡುವಿನ ಗ್ರಂಥಿಗಳು ಊದಿಕೊಂಡಿದ್ದವು, ಹೊಟ್ಟೆಯಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ಎದೆ-ಹೊಟ್ಟೆಗಳ ನಡುವಿನ ವಪೆಯ ಒಂದೇ ಬದಿಯಲ್ಲಿ ಒಂದಕ್ಕಿಂತ ಹೆಚ್ಚು ಕಡೆ ರೋಗವಿದ್ದರೆ ಅದು ಎರಡನೇ ಹಂತ.

ಆದರೆ ಸಿಟಿ ನೋಡುವುದು ಆಕಾರ ಮತ್ತು ಅಳತೆಯನ್ನು. ಗ್ರಂಥಿಯ ಉದ್ದ ಒಂದೂವರೆ ಸೆಂಟಿಮೀಟರ್ ದಾಟಿದರೆ ಅದಕ್ಕೆ ಅನುಮಾನ ಬರುತ್ತದೆ. ಗಾತ್ರ ಬದಲಾಗದ ಅಂಗದೊಳಗೆ ರೋಗ ಅಡಗಿದ್ದರೆ ಅದು ಸಿಟಿಯ ಕಣ್ಣಿಗೆ ಬೀಳದೇ ಹೋಗಬಹುದು. ಪೆಟ್ ನೋಡುವುದು ಜೀವಕೋಶದ ಹಸಿವನ್ನು. ಹಾಡ್ಜ್‌ಕಿನ್ ಗಂಟುಗಳು ಸಕ್ಕರೆಯನ್ನು ಗಬಗಬನೆ ಎಳೆದುಕೊಳ್ಳುತ್ತವೆ. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಸಕ್ಕರೆಯನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು ಒಂದು ಗಂಟೆ ಸುಮ್ಮನೆ ಮಲಗಿಸಿ, ಅದು ಎಲ್ಲೆಲ್ಲಿ ಸೇರಿತು ಎಂದು ಯಂತ್ರ ಗುರುತಿಸುತ್ತದೆ. ಅದೇ ಮೇಜಿನ ಮೇಲೆ ಸಿಟಿಯೂ ಆಗುವುದರಿಂದ ಹೊಳೆಯುವ ಜಾಗ ಯಾವ ಅಂಗದ್ದೆಂದು ತಿಳಿಯುತ್ತದೆ.

ಈ ಯುವಕನ ಪೆಟ್‌ನಲ್ಲಿ, ಗಾತ್ರದಲ್ಲಿ ಸಹಜವಾಗಿದ್ದ ಗುಲ್ಮದೊಳಗೆ ಮೂರು ಚುಕ್ಕೆ ಹೊಳೆದವು. ರೋಗ ವಪೆಯ ಕೆಳಗೂ ಇದೆ. ಹಂತ ಎರಡಲ್ಲ, ಮೂರು. ಕೆಲವೇ ಸುತ್ತು ಕೀಮೋ, ಮೇಲೆ ರೇಡಿಯೇಶನ್ ಎಂದುಕೊಂಡಿದ್ದು ಆರು ಸುತ್ತು ಕೀಮೋಗೆ ಬದಲಾಯಿತು. ಇನ್ನೂ ಒಂದು ಲಾಭವಿದೆ. ಹಾಡ್ಜ್‌ಕಿನ್‌ನಲ್ಲಿ ಪೆಟ್ ಮೂಳೆಯ ಸ್ಥಿತಿಯನ್ನೂ ತೋರಿಸುವುದರಿಂದ ಮೂಳೆಮಜ್ಜೆಯ ಸೂಜಿ ಪರೀಕ್ಷೆ ಸಾಮಾನ್ಯವಾಗಿ ತಪ್ಪುತ್ತದೆ. ಎರಡು ಸುತ್ತು ಕೀಮೋ ಆದ ಮೇಲೆ ಮತ್ತೆ ಪೆಟ್ ಮಾಡಿ ಮೊದಲ ಚಿತ್ರದ ಪಕ್ಕ ಇಟ್ಟು ನೋಡುತ್ತಾರೆ. ಹೊಳಪು ಅಡಗಿದ್ದರೆ, ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಬ್ಲಿಯೋಮೈಸಿನ್ ಔಷಧವನ್ನು ಮುಂದಿನ ಸುತ್ತುಗಳಲ್ಲಿ ಕೈಬಿಡಬಹುದು ಎಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಮೊದಲ ಪೆಟ್ ಇಲ್ಲದಿದ್ದರೆ ಈ ಹೋಲಿಕೆಯ ಬುಡವೇ ಸಡಿಲ. ಹಾಗಾಗಿ ಹಣ ಹೊಂದಿಸುವುದಾದರೆ ಈ ಮೊದಲ ಪೆಟ್‌ಗೇ ಹೊಂದಿಸಿ ಎನ್ನುತ್ತೇನೆ.

ಹೊಳೆದದ್ದೆಲ್ಲ ಲಿಂಫೋಮಾ ಅಲ್ಲ ಎಂಬುದನ್ನು ನಮ್ಮ ದೇಶದಲ್ಲಂತೂ ಮರೆಯುವಂತಿಲ್ಲ. ಕ್ಷಯದ ಗ್ರಂಥಿಯೂ ಅಷ್ಟೇ ಜೋರಾಗಿ ಹೊಳೆಯುತ್ತದೆ. ಉಳಿದ ರೋಗದ ಜಾಡಿಗೆ ಹೊಂದದ ಒಂಟಿ ಚುಕ್ಕೆಯೊಂದು ಹಂತವನ್ನೇ ಬದಲಿಸುವಂತಿದ್ದರೆ ಅಲ್ಲಿಂದಲೂ ಸೂಜಿಯಲ್ಲಿ ಮಾದರಿ ತೆಗೆಯುವುದು ಸರಿಯಾದ ದಾರಿ. ಚಳಿಯಲ್ಲಿ ನಡುಗಿದರೆ ಕುತ್ತಿಗೆಯ ಕಂದು ಕೊಬ್ಬು ಹೊಳೆಯುತ್ತದೆ, ಮೆಟ್‌ಫಾರ್ಮಿನ್ ಮಾತ್ರೆಯಿಂದ ಕರುಳು ಹೊಳೆಯುತ್ತದೆ. ಕನಿಷ್ಠ ನಾಲ್ಕು ಗಂಟೆ ಉಪವಾಸ, ಬೆಚ್ಚಗಿನ ಹೊದಿಕೆ, ಹತೋಟಿಯಲ್ಲಿರುವ ರಕ್ತದ ಸಕ್ಕರೆ ಇವೆಲ್ಲ ಬೇಕಾಗುವುದು ಅದಕ್ಕೇ. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಏನು ಮಾಡಬೇಕೆಂದು ದಿನ ಗೊತ್ತುಮಾಡುವಾಗಲೇ ಕೇಳಬೇಕು.

ಎಲ್ಲ ಲಿಂಫೋಮಾಗಳಿಗೂ ಸಕ್ಕರೆಯ ಹಸಿವಿಲ್ಲ. ನಿಧಾನವಾಗಿ ಬೆಳೆಯುವ ಕೆಲವು ಬಗೆಗಳು, ಉದಾಹರಣೆಗೆ ವಯಸ್ಸಾದವರಲ್ಲಿ ಕಾಣುವ ಸಣ್ಣ ಲಿಂಫೋಸೈಟ್‌ಗಳ ಲಿಂಫೋಮಾ, ಪೆಟ್‌ನಲ್ಲಿ ಮಸುಕಾಗಿಯೇ ಉಳಿಯುತ್ತವೆ. ಅಲ್ಲಿ ಕಾಂಟ್ರಾಸ್ಟ್ ಕೊಟ್ಟು ಮಾಡಿದ ಸಿಟಿಯೇ ಸಾಕು. ಅಂಥ ರೋಗ ಇದ್ದಕ್ಕಿದ್ದಂತೆ ಉಗ್ರವಾದರೆ, ಅದು ಜೋರಿನ ಬಗೆಗೆ ತಿರುಗಿತೇ ಎಂದು ಅರಿಯಲು, ಮಾದರಿ ತೆಗೆಯಲು ಯಾವ ಗಂಟು ಸೂಕ್ತ ಎಂದು ಆರಿಸಲು ಪೆಟ್ ಬೇಕಾಗುತ್ತದೆ.

ಎಂಆರ್‌ಐಯ ಜಾಗ ಮುಖ್ಯವಾಗಿ ಮೆದುಳು ಮತ್ತು ಬೆನ್ನುಹುರಿ. ಆರೋಗ್ಯವಂತ ಮೆದುಳೇ ಸದಾ ಸಕ್ಕರೆ ತಿನ್ನುವುದರಿಂದ ಪೆಟ್‌ನಲ್ಲಿ ಇಡೀ ಮೆದುಳು ಬೆಳಗುತ್ತದೆ, ಸಣ್ಣ ಗಡ್ಡೆ ಆ ಬೆಳಕಿನಲ್ಲಿ ಮುಳುಗಿಹೋಗಬಹುದು. ಗರ್ಭಿಣಿಯರಲ್ಲೂ ವಿಕಿರಣ ತಪ್ಪಿಸಲು ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ, ಅಲ್ಟ್ರಾಸೌಂಡ್‌ಗಳ ಮೊರೆ ಹೋಗುತ್ತಾರೆ. ಲಿಂಫೋಮಾ ಮೆದುಳಿನಲ್ಲೇ ಮೊದಲು ಕಂಡರೂ ದೇಹದ ಬೇರೆಡೆ ಮೂಲವಿದೆಯೇ ಎಂದು ಪೆಟ್-ಸಿಟಿ ಮಾಡುತ್ತಾರೆ, ಕಣ್ಣನ್ನು ಪರೀಕ್ಷಿಸುತ್ತಾರೆ, ಗಂಡಸರಲ್ಲಿ ವೃಷಣದ ಅಲ್ಟ್ರಾಸೌಂಡ್ ನೋಡುತ್ತಾರೆ. ಊತ ಇಳಿಸಲೆಂದು ಬಯಾಪ್ಸಿಗೆ ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಗಡ್ಡೆ ಕೆಲವೇ ದಿನಗಳಲ್ಲಿ ಕರಗಿ, ಮಾದರಿಯಲ್ಲಿ ಏನೂ ಸಿಗದೆ ಹೋಗಬಹುದು. ಆದ್ದರಿಂದ ರೋಗಿಯ ಸ್ಥಿತಿ ತಡೆಯುವಷ್ಟು ದಿನ ಅದನ್ನು ತಡೆಹಿಡಿಯುತ್ತಾರೆ.